ಅಂಗಡಿ ಹಲಗೆಯ ಮೇಲೆ ಕೊಬ್ಬರಿ ಪೊಟ್ಟಣ: ಅಚ್ಚು ಹಾಕಿಸುವ ಮುನ್ನ ಮಾದರಿ ಸಾಲು ಕಟ್ಟಿ ನೋಡಿ

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ರೈತರು ಕೊಬ್ಬರಿಯನ್ನು ಮಾರುವ ರೀತಿ ಎಲ್ಲರಿಗೂ ಗೊತ್ತಿರುವುದೇ. ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಇಟ್ಟು, ಒಳಗಿನ ನೀರು ಇಂಗಿ ಗಿಟುಕು ಚಿಪ್ಪಿನಿಂದ ಬಿಟ್ಟ ಮೇಲೆ ಸುಲಿದು, ಉಂಡೆ ಕೊಬ್ಬರಿಯನ್ನು ಚೀಲಕ್ಕೆ ತುಂಬಿ ತಿಪಟೂರು ಮಾರುಕಟ್ಟೆಗೆ ಒಯ್ಯುತ್ತಾರೆ. ಅಲ್ಲಿ ಖರೀದಿದಾರನು ಚೀಲದ ಬಾಯಿ ಬಿಚ್ಚಿಸಿ, ಉಂಡೆಯನ್ನು ಕೈಗೆ ತೆಗೆದುಕೊಂಡು, ಒಡೆದು ನೋಡಿ ಧಾರಣೆ ಹೇಳುತ್ತಾನೆ. ಮಾಲು ಎದುರಿಗೇ ಇರುತ್ತದೆ, ಮಾತನಾಡಲು ರೈತನೂ ಇರುತ್ತಾನೆ.

ಅದೇ ಕೊಬ್ಬರಿಯನ್ನು ತುರಿದು 250 ಗ್ರಾಂ ಪೊಟ್ಟಣ ಮಾಡಿ ಅಂಗಡಿಗೆ ಕೊಟ್ಟಾಗ ಈ ಎರಡೂ ಇರುವುದಿಲ್ಲ. ಮಾಲು ಪ್ಲಾಸ್ಟಿಕ್ಕಿನ ಒಳಗಿರುತ್ತದೆ, ರೈತ ಊರಿನಲ್ಲಿರುತ್ತಾನೆ. ಕೊಳ್ಳುವವರ ಕಣ್ಣಿಗೆ ಕಾಣುವುದು ಹಲಗೆಯ ಮೇಲೆ ಸಾಲಾಗಿ ನಿಂತ ಪೊಟ್ಟಣಗಳು ಮತ್ತು ಹಲಗೆಯ ಅಂಚಿನಲ್ಲಿ ಅಂಟಿಸಿದ ಬೆಲೆಚೀಟಿ. ಈ ನೋಟವನ್ನು ಪೊಟ್ಟಣ ಅಚ್ಚು ಹಾಕಿಸುವ ಮೊದಲೇ ಪರೀಕ್ಷಿಸಿ ನೋಡಬಹುದು. ಅದಕ್ಕೆ ಬೇಕಾದುದು ಒಂದು ಖಾಲಿ ಕೋಣೆ, ಮೂರು ಹಲಗೆಗಳು ಮತ್ತು ಹೆಸರಿಲ್ಲದ ಕೆಲವು ಖಾಲಿ ಪೊಟ್ಟಣಗಳು. ಹೀಗೆ ಮಾದರಿ ಸಾಲು ಕಟ್ಟುವ ಕ್ರಮವನ್ನೂ ಅದರಿಂದ ತಿಳಿದುಬರುವ ಸಂಗತಿಗಳನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ಮೊದಲೇ ಏಕೆ ನೋಡಬೇಕು?

ಹೊಳೆಯುವ ಬಣ್ಣದ ಪೊಟ್ಟಣಗಳನ್ನು ಅಚ್ಚು ಹಾಕುವ ಕಾರ್ಖಾನೆಯವರು ಪ್ರತಿ ಬಣ್ಣಕ್ಕೂ ಒಂದೊಂದು ಉರುಳೆ ಕೆತ್ತಿಸಬೇಕಾಗುತ್ತದೆ. ಆದ್ದರಿಂದ ನೂರು ಇನ್ನೂರು ಪೊಟ್ಟಣಗಳಿಗೆ ಅವರು ಒಪ್ಪುವುದಿಲ್ಲ. ಸಾವಿರಗಟ್ಟಲೆ ಒಟ್ಟಿಗೆ ಮಾಡಿಸಬೇಕು. ಹಾಗೆ ಬಂದ ಪೊಟ್ಟಣದಲ್ಲಿ ತೂಕ ಬರೆದ ಜಾಗ ತಪ್ಪಾಗಿದ್ದರೆ, ಅಥವಾ ಬೆಲೆಯನ್ನು ಮೊದಲೇ ಅಚ್ಚು ಹಾಕಿಸಿದ್ದು ಆಮೇಲೆ ಕೊಬ್ಬರಿಯ ಧಾರಣೆ ಏರಿದರೆ, ಆ ರಾಶಿಯೆಲ್ಲ ಮೂಲೆಗೆ ಬೀಳುತ್ತದೆ. ಮಾದರಿ ಸಾಲಿಗೆ ತಗಲುವ ಖರ್ಚು ಕೆಲವು ನೂರು ರೂಪಾಯಿ ಮಾತ್ರ.

ಅಂಗಡಿ ಎರಡು ಬಗೆ

ಪೊಟ್ಟಣವನ್ನು ಯಾವ ಅಂಗಡಿಗಾಗಿ ಮಾಡುತ್ತೇವೆ ಎಂಬುದನ್ನು ಮೊದಲು ನಿರ್ಧರಿಸಬೇಕು. ನಮ್ಮ ತಾಲ್ಲೂಕು ಕೇಂದ್ರಗಳ ದಿನಸಿ ಅಂಗಡಿಯಲ್ಲಿ ಗಿರಾಕಿ ಕೌಂಟರಿನ ಹೊರಗೆ ನಿಲ್ಲುತ್ತಾನೆ. ಸಾಮಾನು ಅಂಗಡಿಯವನ ಬೆನ್ನ ಹಿಂದಿನ ಹಲಗೆಗಳ ಮೇಲಿರುತ್ತದೆ. ಕಣ್ಣಿಗೂ ಪೊಟ್ಟಣಕ್ಕೂ ಆರೇಳು ಅಡಿ ದೂರ. ಗಿರಾಕಿ ಬಾಯಿಬಿಟ್ಟು ಕೇಳಬೇಕು, ಅಂಗಡಿಯವನು ಕೈ ಚಾಚಿ ತೆಗೆದುಕೊಡಬೇಕು. ಬೆಲೆಚೀಟಿ ಇರುವುದು ಅಪರೂಪ.

ತುಮಕೂರು, ಬೆಂಗಳೂರುಗಳ ಸೂಪರ್‌ಮಾರ್ಕೆಟ್ಟಿನಲ್ಲಿ ಗಿರಾಕಿ ತಾನೇ ಸಾಲುಗಳ ನಡುವೆ ನಡೆದು, ತಾನೇ ಪೊಟ್ಟಣ ಎತ್ತಿಕೊಳ್ಳುತ್ತಾನೆ. ಇಲ್ಲಿ ದೂರ ಮೂರು ನಾಲ್ಕು ಅಡಿ. ಈ ಪದ್ಧತಿಯನ್ನು ಪ್ರಸಿದ್ಧಿಗೆ ತಂದುದು ಅಮೆರಿಕದ ಮೆಂಫಿಸ್ ನಗರದಲ್ಲಿ 1916ರಲ್ಲಿ ತೆರೆದ ಪಿಗ್ಲಿ ವಿಗ್ಲಿ ಎಂಬ ಅಂಗಡಿ. ಸಾಮಾನು ತೆಗೆದುಕೊಡುವ ಆಳು ಇಲ್ಲದಿದ್ದುದರಿಂದ ಪ್ರತಿ ವಸ್ತುವಿನ ಬೆಲೆಯನ್ನೂ ಕಾಣುವಂತೆ ಬರೆದಿಡಲೇಬೇಕಾಯಿತು. ಅಂಗಡಿಯವನ ಬಾಯಿಮಾತಿನ ಜಾಗಕ್ಕೆ ಬಂದದ್ದೇ ಬೆಲೆಚೀಟಿ ಎಂದರೂ ಸರಿ.

ಅಕ್ಷರದ ಗಾತ್ರವೂ ಈ ದೂರದಿಂದಲೇ ಗೊತ್ತಾಗುತ್ತದೆ. ಹತ್ತು ಅಡಿ ದೂರದಿಂದ ಸರಾಗವಾಗಿ ಓದಲು ಒಂದು ಅಂಗುಲ ಎತ್ತರದ ಅಕ್ಷರ ಬೇಕೆಂಬುದು ಫಲಕ ಬರೆಯುವವರ ವಾಡಿಕೆಯ ಲೆಕ್ಕ. ಅದರಂತೆ ದಿನಸಿ ಅಂಗಡಿಗೆ ಹೋಗುವ ಪೊಟ್ಟಣದಲ್ಲಿ ಪದಾರ್ಥದ ಹೆಸರು ಸುಮಾರು 15ರಿಂದ 18 ಮಿಲಿಮೀಟರ್ ಎತ್ತರವಿರಬೇಕು. ಸೂಪರ್‌ಮಾರ್ಕೆಟ್ಟಿಗೆ 8ರಿಂದ 10 ಮಿಲಿಮೀಟರ್ ಸಾಕು. ಎರಡಕ್ಕೂ ಒಂದೇ ಪೊಟ್ಟಣವಾದರೆ ದಿನಸಿ ಅಂಗಡಿಯ ಅಳತೆಯನ್ನೇ ಹಿಡಿಯಬೇಕು. ಕನ್ನಡ ಅಕ್ಷರಕ್ಕೆ ಇನ್ನೊಂದು ಎಚ್ಚರಿಕೆಯುಂಟು. ‘ಕೊಬ್ಬರಿ’ ಎಂಬಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಅಚ್ಚಿನವರು ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಆ ಒತ್ತು ಕೆಳಗಿನ ಸಾಲಿಗೆ ತಾಗಿ, ದೂರದಿಂದ ಬರಿಯ ಮಸಿಯ ಕಲೆಯಂತೆ ಕಾಣುತ್ತದೆ.

ಮಾದರಿ ಸಾಲು ಕಟ್ಟುವ ಕ್ರಮ

ಹಲಗೆಗಳು ಮೂರು ಅಡಿ ಉದ್ದ, ಹದಿನಾರು ಅಂಗುಲ ಅಗಲ ಇರಲಿ. ಸೆಂಟಿಮೀಟರಿನಲ್ಲಿ ಇದು ಸುಮಾರು 90ಕ್ಕೆ 40. ಇಟ್ಟಿಗೆಗಳ ಮೇಲೆ ಅಥವಾ ಹಳೆಯ ಕಬ್ಬಿಣದ ಚೌಕಟ್ಟಿನ ಮೇಲೆ ಒಂದರ ಮೇಲೊಂದು ಇರಿಸಿ. ಒಂದು ಹಲಗೆ ಮೊಣಕಾಲಿನ ಮಟ್ಟಕ್ಕೆ, ಒಂದು ಸೊಂಟದ ಮಟ್ಟಕ್ಕೆ, ಒಂದು ಕಣ್ಣಿನ ಮಟ್ಟಕ್ಕೆ ಬರಬೇಕು. ಪ್ರತಿ ಹಲಗೆಯ ಮುಂಭಾಗದ ಅಂಚಿಗೆ 4 ಸೆಂಟಿಮೀಟರ್ ಎತ್ತರದ ಬಿಳಿಯ ರಟ್ಟಿನ ಪಟ್ಟಿಯನ್ನು ಉದ್ದಕ್ಕೂ ಮೊಳೆಯಿಂದ ಕೂಡಿಸಿ. ಇದೇ ಬೆಲೆಚೀಟಿಯ ಜಾಗ. ಈ ಪಟ್ಟಿಯ ಮೇಲೆ ಪೂರ್ತಿ ಉದ್ದಕ್ಕೆ ಬೇರೆ ಏನನ್ನೂ ಬರೆಯಬಾರದು.

ಆ ಮೇಲೆ ಪೊಟ್ಟಣಗಳು. ನೀವು ಕೊಳ್ಳಬೇಕೆಂದಿರುವ ಅಳತೆಯ ಅಚ್ಚಿಲ್ಲದ ಬಿಳಿ ಅಥವಾ ಕಂದು ಪೊಟ್ಟಣಗಳನ್ನು ಮೂವತ್ತು ತನ್ನಿ. 250 ಗ್ರಾಂ ತುರಿಗೆ 14 ಸೆಂಟಿಮೀಟರ್ ಅಗಲ, 21 ಸೆಂಟಿಮೀಟರ್ ಎತ್ತರ, ಅಡಿಯಲ್ಲಿ 8 ಸೆಂಟಿಮೀಟರ್ ಬಿಚ್ಚಿಕೊಳ್ಳುವ ಮಡಿಕೆಯಿರುವ, ತಾನೇ ನಿಲ್ಲುವ ಪೊಟ್ಟಣವನ್ನು ಇಲ್ಲಿ ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ. ಮೂರು ಪೊಟ್ಟಣಗಳಿಗೆ ನಿಜವಾದ ತುರಿಯನ್ನೇ ತೂಗಿ ತುಂಬಿ ಬಾಯಿ ಬೆಸೆಯಿರಿ. ಉಳಿದವಕ್ಕೆ ಅಷ್ಟೇ ಉಬ್ಬು ಬರುವಷ್ಟು ಮರದ ಹೊಟ್ಟು ಅಥವಾ ತೌಡು ಸಾಕು. ಮರಳು ತುಂಬಿದರೆ ತೂಕ ಸರಿಯಾದರೂ ಪೊಟ್ಟಣ ಚಪ್ಪಟೆಯಾಗಿ ನೋಟ ಸುಳ್ಳಾಗುತ್ತದೆ. ಹೊಟ್ಟು ತುಂಬಿದವುಗಳ ಹಿಂಬದಿಯಲ್ಲಿ ‘ಮಾದರಿ, ತಿನ್ನುವುದಕ್ಕಲ್ಲ’ ಎಂದು ದಪ್ಪಕ್ಷರದಲ್ಲಿ ಬರೆಯುವುದನ್ನು ಮರೆಯಬಾರದು.

ಅಕ್ಕಪಕ್ಕದಲ್ಲಿ ಇಡಲು ಬೇರೆ ಪದಾರ್ಥಗಳ ಪೊಟ್ಟಣಗಳೂ ಬೇಕು. ಅಂಗಡಿಯಲ್ಲಿ ಕೊಬ್ಬರಿ ತುರಿಯ ಪಕ್ಕದಲ್ಲಿ ಸಾಮಾನ್ಯವಾಗಿ ರವೆ, ಗಸಗಸೆ, ಹುರಿಗಡಲೆ ಮುಂತಾದವು ಇರುತ್ತವೆ. ಇವುಗಳನ್ನೂ ಹೆಸರಿಲ್ಲದ ಪೊಟ್ಟಣಗಳಲ್ಲೇ ತುಂಬಿ, ಬಿಳಿ ಕಾಗದದ ಮೇಲೆ ಪದಾರ್ಥದ ಹೆಸರು ಮತ್ತು ತೂಕವನ್ನು ಮಾತ್ರ ಬರೆದು ಅಂಟಿಸಿ. ಪೇಟೆಯಲ್ಲಿ ಹೆಸರುವಾಸಿಯಾದ ಕಂಪೆನಿಯ ಪೊಟ್ಟಣಗಳನ್ನು ಇಟ್ಟರೆ ನೋಡುವವರ ಕಣ್ಣು ಪರಿಚಯದ ಹೆಸರಿಗೆ ಹೋಗುತ್ತದೆ. ಆಗ ನಮ್ಮ ಪೊಟ್ಟಣದ ಅಕ್ಷರ, ತೂಕ, ಬೆಲೆ ಇವುಗಳ ಜಾಗ ಸರಿಯಿದೆಯೋ ಇಲ್ಲವೋ ತಿಳಿಯುವುದಿಲ್ಲ. ಹೆಸರನ್ನು ತೆಗೆದಾಗ ಉಳಿಯುವುದು ಜಾಗದ ಗುಣದೋಷ ಮಾತ್ರ.

ನಿಮ್ಮ ಪೊಟ್ಟಣಕ್ಕೂ ಈಗಲೇ ಬಣ್ಣದ ಚಿತ್ರ ಬೇಡ. ಬಿಳಿ ಕಾಗದದಲ್ಲಿ ನಾಲ್ಕು ಚೀಟಿಗಳನ್ನು ಬರೆಯಿರಿ: ಪದಾರ್ಥದ ಹೆಸರು, ನಿವ್ವಳ ತೂಕ, ಬೆಲೆ ಮತ್ತು ತಯಾರಿಕೆಯ ತಿಂಗಳು. ಇವುಗಳನ್ನು ಪೊಟ್ಟಣದ ಮುಖದ ಮೇಲೆ ಹಗುರವಾಗಿ ಅಂಟಿಸಿದರೆ, ಬೇಕಾದಂತೆ ಮೇಲೆ ಕೆಳಗೆ ಸರಿಸಿ ನೋಡಬಹುದು.

ಕಾಣುವ ಜಾಗ, ಕಾಣದ ಜಾಗ

ಸಾಲು ಕಟ್ಟಿ ನಾಲ್ಕು ಅಡಿ ದೂರ ನಿಂತರೆ ಮೊದಲು ತಿಳಿಯುವ ಸಂಗತಿ ಇದು: ಪೊಟ್ಟಣದ ಮುಖವೆಲ್ಲ ಕಾಣುವುದಿಲ್ಲ. ಬೆಲೆಚೀಟಿಯ ಪಟ್ಟಿ ಹಲಗೆಯ ಅಂಚಿನಿಂದ ಸ್ವಲ್ಪ ಮೇಲಕ್ಕೆ ಎದ್ದಿರುತ್ತದೆ. ಅನೇಕ ಅಂಗಡಿಗಳವರು ಮುಂಭಾಗ ಕತ್ತರಿಸಿದ ರಟ್ಟಿನ ಪೆಟ್ಟಿಗೆಯಲ್ಲೇ ಪೊಟ್ಟಣಗಳನ್ನು ಇಡುತ್ತಾರೆ. ಆ ಪೆಟ್ಟಿಗೆಯ ತುಟಿಯೂ ನಾಲ್ಕೈದು ಸೆಂಟಿಮೀಟರ್ ಮುಚ್ಚುತ್ತದೆ. ಅಡಿಯ ಮಡಿಕೆ ಬಿಚ್ಚಿಕೊಂಡಾಗ ಮುಖದ ಕೆಳಭಾಗ ನೆಲದ ಕಡೆಗೆ ಬಾಗುತ್ತದೆ. ಹೀಗಾಗಿ ಕೆಳಗಿನ 5 ಸೆಂಟಿಮೀಟರ್ ಕುರುಡು ಎಂದೇ ತಿಳಿಯಬೇಕು. ಮೇಲ್ಗಡೆ ಬೆಸುಗೆಯ ಪಟ್ಟಿ ಮತ್ತು ಅದರ ಕೆಳಗಿನ ಸುಕ್ಕು ಸೇರಿ 3 ಸೆಂಟಿಮೀಟರ್ ಹೋಗುತ್ತದೆ. ಅಲ್ಲಿ ಮೇಲಿನ ಹಲಗೆಯ ನೆರಳೂ ಬೀಳುತ್ತದೆ. 21 ಸೆಂಟಿಮೀಟರ್ ಎತ್ತರದ ಪೊಟ್ಟಣದಲ್ಲಿ ನಮಗೆ ನಿಜವಾಗಿ ಸಿಗುವುದು ನಡುವಿನ 13 ಸೆಂಟಿಮೀಟರ್ ಮಾತ್ರ.

ಪೊಟ್ಟಣದ ಚಿತ್ರ ಬರೆಯುವವರು ಮೇಜಿನ ಮೇಲೆ ಮಲಗಿಸಿದ ಹಾಳೆಯನ್ನು ನೋಡಿ ಕೆಲಸ ಮಾಡುವುದರಿಂದ, ತೂಕವನ್ನು ಕೆಳಗಿನ ಮೂಲೆಗೆ ಹಾಕುವುದು ಸಾಮಾನ್ಯ. ಹಾಳೆಯ ಮೇಲೆ ಅದು ಚೆನ್ನಾಗಿಯೇ ಕಾಣುತ್ತದೆ. ಹಲಗೆಯ ಮೇಲೆ ನಿಲ್ಲಿಸಿದರೆ ಮಾಯವಾಗುತ್ತದೆ. ಆದ್ದರಿಂದ ಹೆಸರು ಮತ್ತು ನಿವ್ವಳ ತೂಕ ಎರಡನ್ನೂ ನಡುವಿನ 13 ಸೆಂಟಿಮೀಟರಿನೊಳಗೇ ಇರಿಸಬೇಕು. ತೂಕದ ಅಂಕಿಯ ಸುತ್ತ ಖಾಲಿ ಜಾಗ ಬಿಡಬೇಕೆಂಬುದು ಕಾನೂನಿನ ನಿಯಮವೂ ಹೌದು.

ಹೆಸರಿನ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ವಿಶೇಷವಿದೆ. ತಿಪಟೂರಿನ ಸುತ್ತ ಹಸಿ ಕಾಯಿಯ ತಿರುಳನ್ನು ಪುಡಿ ಮಾಡಿ ಒಣಗಿಸುವ ಕಾರ್ಖಾನೆಗಳು ಬಹಳ ಇವೆ. ಆ ಪುಡಿಯೂ ಬಿಳಿ, ಕೊಬ್ಬರಿಯ ತುರಿಯೂ ಬಿಳಿ. ಆದರೆ ರುಚಿ, ಎಣ್ಣೆಯ ಸ್ವಭಾವ ಮತ್ತು ಬಳಕೆ ಬೇರೆ. ಕೇವಲ ‘ತೆಂಗು’ ಎಂದೋ ಒಂದು ಅಂದದ ಹೆಸರನ್ನೋ ದೊಡ್ಡದಾಗಿ ಬರೆದರೆ ಕೊಳ್ಳುವವರಿಗೆ ಎರಡರಲ್ಲಿ ಯಾವುದೆಂದು ತಿಳಿಯುವುದಿಲ್ಲ. ‘ಉಂಡೆ ಕೊಬ್ಬರಿ ತುರಿ’ ಎಂಬ ಸಾಮಾನ್ಯ ಹೆಸರೇ ಎಲ್ಲಕ್ಕಿಂತ ದೊಡ್ಡದಾಗಿರಬೇಕು. ಸಂಘದ ಹೆಸರು ಅದರ ಕೆಳಗೆ ಚಿಕ್ಕದಾಗಿ ಬಂದರೆ ಸಾಕು.

ಬೆಲೆಯ ಜಾಗ

ಬೆಲೆ ಎರಡು ಕಡೆ ಇರುತ್ತದೆ. ಒಂದು ಪೊಟ್ಟಣದ ಮೇಲೆ, ಇನ್ನೊಂದು ಹಲಗೆಯ ಅಂಚಿನಲ್ಲಿ. ಪೊಟ್ಟಣದ ಮೇಲಿನದು ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ. ಹಲಗೆಯ ಚೀಟಿಯಲ್ಲಿ ಅಂಗಡಿಯವರು ಅದಕ್ಕಿಂತ ಕಡಿಮೆ ಬರೆಯಬಹುದು, ಹೆಚ್ಚು ಬರೆಯುವಂತಿಲ್ಲ.

ಪೊಟ್ಟಣದ ಮೇಲಿನ ಬೆಲೆಯನ್ನು ಬಣ್ಣದ ಜೊತೆಗೆ ಅಚ್ಚು ಹಾಕಿಸಬಾರದು. ನಮ್ಮ ಸೀಮೆಯವರಿಗೆ ಇದರ ಕಾರಣವನ್ನು ಹೆಚ್ಚು ವಿವರಿಸಬೇಕಾಗಿಲ್ಲ. 2023ರಲ್ಲಿ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಬಿದ್ದಿದ್ದ ಉಂಡೆ ಕೊಬ್ಬರಿಯ ಧಾರಣೆ 2025ರಲ್ಲಿ ಬೆಂಬಲ ಬೆಲೆಯ ಎರಡರಷ್ಟನ್ನು ದಾಟಿತು. ಧಾರಣೆ ಏರಿತೆಂದು ಹಳೆಯ ಬೆಲೆಯ ಮೇಲೆ ಹೊಸ ಚೀಟಿ ಅಂಟಿಸಲು 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳಲ್ಲಿ ಅವಕಾಶವಿಲ್ಲ. ಬೆಲೆ ಇಳಿಸುವುದಾದರೆ ಮಾತ್ರ ಚೀಟಿ ಅಂಟಿಸಬಹುದು. ಆಗಲೂ ಹಳೆಯ ಬೆಲೆ ಮುಚ್ಚಬಾರದು.

ಆದುದರಿಂದ ಪೊಟ್ಟಣದ ಮೇಲೆ 6 ಸೆಂಟಿಮೀಟರ್ ಉದ್ದ, 3 ಸೆಂಟಿಮೀಟರ್ ಎತ್ತರದ ಒಂದು ಬಿಳಿಯ ಚೌಕವನ್ನು ಖಾಲಿ ಬಿಡಿಸಬೇಕು. ಪ್ರತಿ ಸಲ ತುರಿ ತುಂಬುವಾಗ ಅಂದಿನ ಬೆಲೆ, ತಂಡದ ಸಂಖ್ಯೆ, ತಯಾರಿಕೆಯ ತಿಂಗಳು ಮತ್ತು ವರ್ಷ, ಯಾವ ದಿನದೊಳಗೆ ಬಳಸಬೇಕು ಎಂಬುದು, ಇವನ್ನು ಆ ಚೌಕದಲ್ಲಿ ಮುದ್ರೆ ಒತ್ತಬೇಕು. ಆ ಚೌಕದ ಮೇಲೆ ಹೊಳಪಿನ ಲೇಪ ಇರದಂತೆ ಅಚ್ಚಿನವರಿಗೆ ಹೇಳಬೇಕು. ಲೇಪವಿದ್ದರೆ ಮಸಿ ಹಿಡಿಯುವುದಿಲ್ಲ. ಮಸಿಯನ್ನು ಪರೀಕ್ಷಿಸಲು ಸುಲಭ ಉಪಾಯವೆಂದರೆ, ಮುದ್ರೆ ಒತ್ತಿ ಒಂದು ಗಂಟೆಯ ನಂತರ ಹೆಬ್ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ಇಪ್ಪತ್ತು ಸಲ ಉಜ್ಜುವುದು. ತುರಿ ತುಂಬುವವರ ಕೈಯಲ್ಲಿ ಎಣ್ಣೆಯ ಜಿಡ್ಡು ಇದ್ದೇ ಇರುತ್ತದೆ. ಬೆರಳಿಗೆ ಅಳಿಸಿಹೋಗುವ ಮಸಿ ಅಂಗಡಿಗೆ ತಲುಪುವ ಹೊತ್ತಿಗೂ ಅಳಿಸಿರುತ್ತದೆ. ಬೆಲೆ ಕಾಣದ ಪೊಟ್ಟಣ ಹಿಂದಕ್ಕೆ ಬರುತ್ತದೆ.

2021ರ ತಿದ್ದುಪಡಿಯ ಮೂಲಕ ಇನ್ನೊಂದು ಅಂಕಿ ಸೇರಿದೆ. ಅದು ಒಂದು ಅಳತೆಯ ಬೆಲೆ. ಒಂದು ಕಿಲೋಗಿಂತ ಕಡಿಮೆ ತೂಕದ ಪೊಟ್ಟಣಕ್ಕೆ ಗ್ರಾಮಿಗೆ ಎಷ್ಟು, ಅದಕ್ಕಿಂತ ಹೆಚ್ಚಿನದಕ್ಕೆ ಕಿಲೋಗೆ ಎಷ್ಟು ಎಂದು ತೋರಿಸಬೇಕು. 250 ಗ್ರಾಮಿಗೆ 110 ರೂಪಾಯಿ ಆದರೆ ಗ್ರಾಮಿಗೆ 44 ಪೈಸೆ, ಅಂದರೆ ರೂ. 0.44. ಬೇರೆ ಬೇರೆ ತೂಕದ ಪೊಟ್ಟಣಗಳಲ್ಲಿ ಯಾವುದು ಅಗ್ಗವೆಂದು ಗಿರಾಕಿ ಇದರಿಂದ ಒಂದೇ ನೋಟಕ್ಕೆ ತಿಳಿಯುತ್ತಾನೆ. ಆದುದರಿಂದ 100 ಗ್ರಾಮಿನ ಚಿಕ್ಕ ಪೊಟ್ಟಣಕ್ಕೆ ಗ್ರಾಮಿನ ಲೆಕ್ಕದಲ್ಲಿ ಬಹಳ ಹೆಚ್ಚಿನ ಬೆಲೆ ಇಟ್ಟರೆ ಅದೂ ಕಾಣುತ್ತದೆ ಎಂಬುದನ್ನು ನೆನಪಿಡಬೇಕು.

ಹಲಗೆಯ ಚೀಟಿಯ ಬಗ್ಗೆ ಒಂದೇ ನಿಯಮ: ಚೀಟಿ ತನ್ನ ಮೇಲಿರುವ ಪದಾರ್ಥಕ್ಕೆ ಸೇರಿದ್ದು, ಕೆಳಗಿರುವುದಕ್ಕಲ್ಲ. ಅದನ್ನು ಆ ಪದಾರ್ಥದ ಸಾಲು ಪ್ರಾರಂಭವಾಗುವ ಎಡ ಅಂಚಿಗೆ ಸರಿಯಾಗಿ ಅಂಟಿಸಬೇಕು. ನಡುವೆ ಅಂಟಿಸಿದರೆ ಪಕ್ಕದ ಪೊಟ್ಟಣ ಒಂದಿಷ್ಟು ಸರಿದ ಕೂಡಲೇ ಬೆಲೆ ಯಾರದೆಂದು ಅನುಮಾನ ಬರುತ್ತದೆ. ಚೀಟಿಯಲ್ಲಿ ಹೆಸರು, ತೂಕ, ಬೆಲೆ, ಒಂದು ಅಳತೆಯ ಬೆಲೆ, ಇಷ್ಟೇ ಸಾಕು. ಬೆಲೆಯ ಅಂಕಿ ಉಳಿದೆಲ್ಲದರ ಎರಡರಷ್ಟು ದೊಡ್ಡದಿರಲಿ.

ಭಾಷೆ ಮತ್ತು ಇತರ ವಿವರಗಳು

ಕನ್ನಡದಲ್ಲಿ ಮಾತ್ರ ಬರೆದರೆ ಸಾಕೆಂದು ಕೆಲವು ಸಂಘಗಳವರು ಭಾವಿಸುವುದುಂಟು. ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಲೇಬೇಕೆಂದು ಕೇಂದ್ರದ ನಿಯಮ ಹೇಳುತ್ತದೆ. ಅದರ ಜೊತೆಗೆ ಕನ್ನಡವನ್ನು ಬಳಸಲು ಯಾವ ಅಡ್ಡಿಯೂ ಇಲ್ಲ. ನಮ್ಮ ರಾಜ್ಯದಲ್ಲಿ ತಯಾರಾಗುವ ಪದಾರ್ಥಗಳ ಮೇಲೆ ಕನ್ನಡದ ಹೆಸರು ಇರಬೇಕೆಂಬುದು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದ ಆಶಯ. ಆದ್ದರಿಂದ ಎರಡು ಭಾಷೆಗಳಿಗೂ ಜಾಗ ಮೀಸಲಿಟ್ಟೇ ಮಾದರಿಯನ್ನು ಬರೆಯಬೇಕು. ಕನ್ನಡದ ಹೆಸರು ಮುಖದ ಮೇಲೆ ದೊಡ್ಡದಾಗಿ, ಇಂಗ್ಲಿಷಿನ ಹೆಸರು ಅದರ ಕೆಳಗೆ ಇದ್ದರೆ ಒಪ್ಪವಾಗಿರುತ್ತದೆ.

ಹಿಂಬದಿಯಲ್ಲಿ ತಯಾರಿಸಿದವರ ಹೆಸರು ಮತ್ತು ಪೂರ್ಣ ವಿಳಾಸ, ದೂರು ಹೇಳಲು ದೂರವಾಣಿ ಸಂಖ್ಯೆ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ನೋಂದಣಿ ಸಂಖ್ಯೆ, ಪೋಷಕಾಂಶಗಳ ಪಟ್ಟಿ ಮುಂತಾದವು ಬರುತ್ತವೆ. ಹಸಿರು ಚೌಕದೊಳಗಿನ ಹಸಿರು ಚುಕ್ಕೆ ಮುಂಭಾಗದಲ್ಲಿರಬೇಕು. ಪೊಟ್ಟಣ ಕಟ್ಟುವವರು ಕಾನೂನು ಮಾಪನಶಾಸ್ತ್ರ ಇಲಾಖೆಯಲ್ಲೂ ನೋಂದಾಯಿಸಿಕೊಳ್ಳಬೇಕು. ಸೂಪರ್‌ಮಾರ್ಕೆಟ್ಟಿನವರು ಗೆರೆಗಳ ಸಂಕೇತವನ್ನೂ ಕೇಳುತ್ತಾರೆ. ಭಾರತದಲ್ಲಿ ಪಡೆದ ಸಂಕೇತ 890ರಿಂದ ಪ್ರಾರಂಭವಾಗುತ್ತದೆ. ಅದನ್ನು ಹಿಂಬದಿಯಲ್ಲಿ, ಸುಕ್ಕು ಬೀಳದ ಸಮತಟ್ಟಾದ ಕಡೆ ಹಾಕಿಸಬೇಕು. ಮಡಿಕೆಯ ಮೇಲೆ ಬಿದ್ದ ಗೆರೆಗಳನ್ನು ಗಲ್ಲಾದ ಯಂತ್ರ ಓದುವುದಿಲ್ಲ.

ಎಷ್ಟು ಜೋಡಿಸಬೇಕು, ಎಲ್ಲಿ ಇಡಬೇಕು

ತುಂಬಿದ ಹಲಗೆ ನೋಡಲು ಚೆಂದ ಎಂಬುದು ನಿಜ. ಆದರೆ ಕೊಬ್ಬರಿಯ ತುರಿ ಬೇಗ ಕಮಟು ಹಿಡಿಯುವ ಪದಾರ್ಥ. ಉಂಡೆಯಾಗಿದ್ದಾಗ ಎಣ್ಣೆ ಒಳಗೆ ಭದ್ರವಾಗಿರುತ್ತದೆ. ತುರಿದ ಕೂಡಲೇ ಗಾಳಿಗೆ ತೆರೆದುಕೊಳ್ಳುವ ಮೈ ಅನೇಕ ಪಟ್ಟು ಹೆಚ್ಚುತ್ತದೆ. ಬೆಳಕು ಬಿದ್ದರೆ ಇನ್ನೂ ಬೇಗ ಕೆಡುತ್ತದೆ. ಪದಾರ್ಥ ಕಾಣಲೆಂದು ಮುಖದ ಮೇಲೆ ದೊಡ್ಡ ಪಾರದರ್ಶಕ ಕಿಟಕಿ ಬಿಡಿಸಿದರೆ ಅಂಗಡಿಯ ಟ್ಯೂಬ್‌ಲೈಟು ಹಗಲೂ ರಾತ್ರಿ ಅದರೊಳಗೆ ಬೀಳುತ್ತದೆ. ಬೆಳ್ಳಿಯ ಬಣ್ಣದ ಲೋಹದ ಪದರವಿರುವ ಪೊಟ್ಟಣ ಒಳ್ಳೆಯದು. ಕಿಟಕಿ ಬೇಕೇ ಬೇಕೆಂದರೆ ಹಿಂಬದಿಯಲ್ಲಿ ರೂಪಾಯಿ ನಾಣ್ಯದಷ್ಟು ಅಗಲ ಇರಲಿ. ತುರಿಯುವ ಮೊದಲು ಕೊಬ್ಬರಿಯ ತೇವಾಂಶ ಶೇಕಡ 6ರಷ್ಟಕ್ಕೆ ಇಳಿದಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಹಸಿ ಉಳಿದ ಕೊಬ್ಬರಿಗೆ ಬೂಷ್ಟು ಬರುತ್ತದೆ. ಅಂತಹ ಬೂಷ್ಟಿನಲ್ಲಿ ವಿಷವುಳ್ಳ ಜಾತಿಗಳೂ ಇರುತ್ತವೆ. ಬೂಷ್ಟು ಕಂಡ ಉಂಡೆಯನ್ನು ಒರೆಸಿ ತುರಿಯಬಾರದು, ತೆಗೆದುಹಾಕಬೇಕು.

ಈಗ ಲೆಕ್ಕ ನೋಡೋಣ. 90 ಸೆಂಟಿಮೀಟರ್ ಹಲಗೆಯಲ್ಲಿ 14 ಸೆಂಟಿಮೀಟರ್ ಅಗಲದ ಪೊಟ್ಟಣಗಳು ಆರು ಹಿಡಿಯುತ್ತವೆ. ಹಿಂದಕ್ಕೆ 40 ಸೆಂಟಿಮೀಟರಿನಲ್ಲಿ 8 ಸೆಂಟಿಮೀಟರಿನಂತೆ ಐದು. ಒಟ್ಟು ಮೂವತ್ತು. ಆ ಅಂಗಡಿಯಲ್ಲಿ ವಾರಕ್ಕೆ ಮೂರು ಪೊಟ್ಟಣ ಮಾರಾಟವಾದರೆ ಕೊನೆಯ ಪೊಟ್ಟಣ ಹತ್ತು ವಾರ ಅಲ್ಲೇ ನಿಂತಿರುತ್ತದೆ. ಎರಡೇ ಸಾಲು ಕೇಳಿ, ಹತ್ತು ಪೊಟ್ಟಣ ಕೊಟ್ಟು, ಮೂರು ವಾರಕ್ಕೊಮ್ಮೆ ಹೋಗಿ ತುಂಬಿಸಿದರೆ ಮಾಲು ಹೊಸದಾಗಿರುತ್ತದೆ. ಒಂದೇ ಸಾಲು ಮಾತ್ರ ಇದ್ದರೆ ಅಕ್ಕಪಕ್ಕದವುಗಳ ನಡುವೆ ಅಡಗಿಹೋಗುತ್ತದೆ ಎಂಬುದನ್ನು ಮಾದರಿ ಸಾಲಿನಲ್ಲಿ ನೀವೇ ಕಾಣುವಿರಿ. ಹೊಸ ಪೊಟ್ಟಣಗಳನ್ನು ಯಾವಾಗಲೂ ಹಿಂದಕ್ಕೆ ಇಟ್ಟು ಹಳೆಯವನ್ನು ಮುಂದಕ್ಕೆ ಎಳೆಯಬೇಕು.

ಪೊಟ್ಟಣದ ಮೇಲೆ ಪೊಟ್ಟಣ ಹೇರುವುದು ಸರಿಯಲ್ಲ. ಕೆಳಗಿನ ತುರಿ ಅದುಮಿ ಗಂಟಾಗುತ್ತದೆ, ಜಿಡ್ಡು ಬಿಡುತ್ತದೆ, ಮೇಲಿನದು ಜಾರುತ್ತದೆ. ನಿಜವಾದ ತುರಿ ತುಂಬಿದ ಮೂರು ಪೊಟ್ಟಣಗಳಲ್ಲಿ ಎರಡನ್ನು ಒಂದರ ಮೇಲೊಂದು ಹದಿನೈದು ದಿನ ಇಟ್ಟು, ಮೂರನೆಯದನ್ನು ನಿಲ್ಲಿಸಿಟ್ಟು, ಆಮೇಲೆ ಬಿಚ್ಚಿ ಹೋಲಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಒಂದು ಸಂಘದ ಉದಾಹರಣೆ

ತುರುವೇಕೆರೆ ತಾಲ್ಲೂಕಿನ ಒಂದು ಊರಿನಲ್ಲಿ ಹನ್ನೆರಡು ಮನೆಗಳವರು ಸೇರಿ 250 ಗ್ರಾಂ ತುರಿಯ ಪೊಟ್ಟಣ ಮಾಡುತ್ತಾರೆಂದು ಇಟ್ಟುಕೊಳ್ಳೋಣ. ಅಂದಿನ ಧಾರಣೆ ಕ್ವಿಂಟಾಲಿಗೆ 25,000 ರೂಪಾಯಿ, ಅಂದರೆ ಕಿಲೋಗೆ 250. ತುರಿಯುವಾಗ ನೂರಕ್ಕೆ ಐದು ಭಾಗ ನಷ್ಟವಾದರೆ ಒಂದು ಪೊಟ್ಟಣಕ್ಕೆ ಕೊಬ್ಬರಿಯ ಖರ್ಚು 66 ರೂಪಾಯಿ. ಪೊಟ್ಟಣ ಮತ್ತು ಚೀಟಿಗೆ 5, ಕೂಲಿಗೆ 6, ಸಾಗಣೆಗೆ 3. ಒಟ್ಟು 80 ರೂಪಾಯಿ. ಸಂಘ 8 ರೂಪಾಯಿ ಉಳಿಸಿಕೊಂಡು 88ಕ್ಕೆ ಅಂಗಡಿಗೆ ಕೊಡುತ್ತದೆ. ಅಂಗಡಿಯವರು ಮಾರಾಟ ಬೆಲೆಯಲ್ಲಿ ನೂರಕ್ಕೆ ಇಪ್ಪತ್ತು ಕೇಳುತ್ತಾರೆ. ಆದ್ದರಿಂದ ಬೆಲೆ 110. ತೆರಿಗೆ ಬೀಳುವುದಿದ್ದರೆ ಅದೂ ಇದರೊಳಗೇ ಬರಬೇಕಾದುದರಿಂದ ಲೆಕ್ಕಪತ್ರದವರನ್ನು ಮೊದಲೇ ಕೇಳಿಕೊಳ್ಳಬೇಕು.

ಈ 110 ರೂಪಾಯಿಯನ್ನು ಐದು ಸಾವಿರ ಪೊಟ್ಟಣಗಳ ಮೇಲೆ ಅಚ್ಚು ಹಾಕಿಸಿದ ನಂತರ ಧಾರಣೆ 30,000ಕ್ಕೆ ಏರಿತೆಂದು ಭಾವಿಸಿ. ಕೊಬ್ಬರಿಯ ಖರ್ಚು 79 ಆಗುತ್ತದೆ, ಒಟ್ಟು 93. ಅಂಗಡಿಯಿಂದ ಬರುವುದು 88 ಮಾತ್ರ. ಪೊಟ್ಟಣಕ್ಕೆ 5 ರೂಪಾಯಿಯಂತೆ 25,000 ರೂಪಾಯಿ ನಷ್ಟ, ಇಲ್ಲವೇ ಪೊಟ್ಟಣಗಳನ್ನು ಎಸೆಯಬೇಕು. ಬಿಳಿಯ ಚೌಕ ಖಾಲಿ ಬಿಡಿಸಿದ್ದರೆ ಮುಂದಿನ ತಂಡಕ್ಕೆ 126 ರೂಪಾಯಿ, ಗ್ರಾಮಿಗೆ 50 ಪೈಸೆ ಎಂದು ಮುದ್ರೆ ಒತ್ತಿದರೆ ಮುಗಿಯಿತು. ಧಾರಣೆ ಇಳಿದಾಗಲೂ ಇದೇ ಚೌಕ ಸಂಘವನ್ನು ಉಳಿಸುತ್ತದೆ. ಬೇರೆಯವರ ಬೆಲೆ ಇಳಿದು ನಮ್ಮದು ಇಳಿಯದಿದ್ದರೆ ಪೊಟ್ಟಣ ಹಲಗೆಯ ಮೇಲೇ ಕಮಟು ಹಿಡಿಯುತ್ತದೆ. ಪ್ರಾರಂಭದಲ್ಲಿ ಬಣ್ಣದ ಅಚ್ಚನ್ನೇ ಬಿಟ್ಟು, ಅಚ್ಚಿಲ್ಲದ ಪೊಟ್ಟಣಕ್ಕೆ ಚೆನ್ನಾದ ಒಂದು ಚೀಟಿ ಅಂಟಿಸಿ ಮಾರುವುದು ಇಂತಹ ಸಂಘಗಳಿಗೆ ಲೇಸು.

ನೋಡುವವರಿಂದ ಪರೀಕ್ಷೆ

ಮಾದರಿ ಸಾಲು ಸಿದ್ಧವಾದ ಮೇಲೆ ಬೇರೆ ಊರಿನ ಹತ್ತು ಜನರನ್ನು, ಅವರಲ್ಲಿ ಅಡುಗೆ ಮಾಡುವ ಹೆಂಗಸರು ಹೆಚ್ಚಾಗಿರುವಂತೆ, ಕರೆಯಿರಿ. ಪೊಟ್ಟಣ ಮಾಡಿದವರೇ ನೋಡಿದರೆ ಪ್ರಯೋಜನವಿಲ್ಲ. ಬರೆದದ್ದೇನೆಂದು ಅವರಿಗೆ ಮೊದಲೇ ಗೊತ್ತು. ಒಬ್ಬೊಬ್ಬರನ್ನೇ ನಾಲ್ಕು ಅಡಿ ದೂರದಲ್ಲಿ ನಿಲ್ಲಿಸಿ, ಸಾಲಿನ ಮುಂದಿನ ಪರದೆಯನ್ನು ಐದು ಎಣಿಸುವವರೆಗೆ ಸರಿಸಿ, ಮತ್ತೆ ಮುಚ್ಚಿ. ಆಮೇಲೆ ಮೂರು ಪ್ರಶ್ನೆ ಕೇಳಿ: ನಡುವಿನ ಹಲಗೆಯಲ್ಲಿ ಇದ್ದ ಪದಾರ್ಥ ಯಾವುದು? ತೂಕ ಎಷ್ಟು? ಬೆಲೆ ಎಷ್ಟು? ದಿನಸಿ ಅಂಗಡಿಗಾದರೆ ಏಳು ಅಡಿ ದೂರದಿಂದ ಮೊದಲ ಪ್ರಶ್ನೆಯನ್ನು ಮಾತ್ರ ಕೇಳಿದರೆ ಸಾಕು.

ಉತ್ತರಗಳಿಂದ ದೋಷ ಎಲ್ಲಿದೆಯೆಂದು ತಿಳಿಯುತ್ತದೆ. ಪದಾರ್ಥವನ್ನು ರವೆ ಎಂದೋ ಕಾಯಿಪುಡಿ ಎಂದೋ ಹೇಳುವವರು ಹೆಚ್ಚಾದರೆ ಹೆಸರಿನ ಅಕ್ಷರ ಚಿಕ್ಕದಾಗಿದೆ. ಹೆಸರು ಸರಿ, ತೂಕ ತಿಳಿಯದು ಎಂದರೆ ತೂಕ ಕುರುಡು ಜಾಗದಲ್ಲಿದೆ. ಪಕ್ಕದ ಪದಾರ್ಥದ ಬೆಲೆಯನ್ನು ಹೇಳಿದರೆ ಹಲಗೆಯ ಚೀಟಿ ಸರಿದಿದೆ. ಹತ್ತರಲ್ಲಿ ಎಂಟು ಜನ ಮೂರಕ್ಕೂ ಸರಿಯಾಗಿ ಉತ್ತರಿಸುವವರೆಗೆ ಚೀಟಿಗಳನ್ನು ಸರಿಸಿ, ಹೊಸಬರಿಂದ ಮತ್ತೆ ನೋಡಿಸಬೇಕು. ಕೊನೆಗೆ ಮೊಬೈಲಿನಲ್ಲಿ ಸಾಲಿನ ಫೋಟೋ ತೆಗೆದು, ಬಣ್ಣ ತೆಗೆದು ಕಪ್ಪು ಬಿಳುಪಾಗಿಸಿ ನೋಡಿ. ಹಳದಿಯ ಮೇಲೆ ಬಿಳಿ, ಹಸಿರಿನ ಮೇಲೆ ಕೆಂಪು ಬರೆದಿದ್ದರೆ ಅಕ್ಷರ ಹಿನ್ನೆಲೆಯಲ್ಲಿ ಕರಗಿಹೋಗುವುದು ಆಗ ಸ್ಪಷ್ಟವಾಗಿ ಕಾಣುತ್ತದೆ.

ಈ ಪರೀಕ್ಷೆಗೂ ಮಿತಿಯಿದೆ. ಓದಲು ಬರುತ್ತದೆಯೇ ಎಂಬುದನ್ನು ಇದು ಹೇಳುತ್ತದೆ, ಕೊಳ್ಳುತ್ತಾರೆಯೇ ಎಂಬುದನ್ನು ಹೇಳುವುದಿಲ್ಲ. ಅದು ತುರಿಯ ರುಚಿ ಮತ್ತು ಬೆಲೆಗೆ ಸೇರಿದ್ದು. ಅಂಗಡಿಯವರು ಯಾವ ಹಲಗೆ ಕೊಡುತ್ತಾರೆಂಬುದೂ ನಮ್ಮ ಕೈಯಲ್ಲಿಲ್ಲ. ಹೊಸ ಸಂಘಕ್ಕೆ ಕಣ್ಣಿನ ಮಟ್ಟದ ಹಲಗೆ ಸಿಗುವುದು ಅಪರೂಪ. ಮೊಣಕಾಲಿನ ಮಟ್ಟದ ಹಲಗೆಯೇ ಸಿಕ್ಕೀತೆಂದು ಎಣಿಸಿ ಅಲ್ಲಿಯೂ ಒಮ್ಮೆ ಇಟ್ಟು ನೋಡಬೇಕು. ಅಲ್ಲಿ ನಿಂತ ಪೊಟ್ಟಣವನ್ನು ಮೇಲಿನಿಂದ ನೋಡುವುದರಿಂದ ಮುಖದ ಮೇಲ್ಭಾಗವೇ ಹೆಚ್ಚು ಕಾಣುತ್ತದೆ. ಹೆಸರನ್ನು ಬೆಸುಗೆಯ ಸುಕ್ಕಿನಿಂದ ಕೆಳಗೆ, ಆದರೆ ಮುಖದ ಮೇಲರ್ಧದಲ್ಲೇ ಇರಿಸಿದ್ದರೆ ಮೂರು ಹಲಗೆಗಳಲ್ಲಿ ಎಲ್ಲಿ ಇಟ್ಟರೂ ಓದಲು ಬರುತ್ತದೆ.

ಮಾದರಿ ಸಾಲಿನಲ್ಲಿ ಒಪ್ಪಿಗೆಯಾದ ಪೊಟ್ಟಣದ ಮುಖದ ಅಳತೆಗಳನ್ನು ಒಂದು ಹಾಳೆಯಲ್ಲಿ ಬರೆದು, ಕುರುಡು ಜಾಗಗಳಿಗೆ ಗೆರೆ ಎಳೆದು, ಬಿಳಿಯ ಚೌಕವನ್ನು ಗುರುತಿಸಿ ಅಚ್ಚಿನವರಿಗೆ ಕೊಡಿ. ಅವರು ತಯಾರಿಸಿದ ಮೊದಲ ಪ್ರತಿಯನ್ನು ಮೇಜಿನ ಮೇಲೆ ಮಲಗಿಸಿ ಒಪ್ಪಿಕೊಳ್ಳಬೇಡಿ. ಪೊಟ್ಟಣಕ್ಕೆ ಅಂಟಿಸಿ, ಹಲಗೆಯ ಮೇಲೆ ನಿಲ್ಲಿಸಿ, ನಾಲ್ಕು ಅಡಿ ಹಿಂದೆ ಸರಿದು ನೋಡಿ, ನಂತರವೇ ಸಹಿ ಹಾಕಿ. ವಿಸ್ತರಣಾ ಕಾರ್ಯಕರ್ತರು ಇಂತಹ ಮಾದರಿ ಹಲಗೆಗಳ ಒಂದು ಜೊತೆಯನ್ನು ತಾಲ್ಲೂಕಿನಲ್ಲಿ ಒಂದು ಕಡೆ ಸಿದ್ಧವಾಗಿ ಇಟ್ಟುಕೊಂಡರೆ ಒಂದಾದ ಮೇಲೊಂದು ಸಂಘದವರು ಅದನ್ನೇ ಬಳಸಿಕೊಳ್ಳಬಹುದು.